ತಾಯಿಯ ಮೊಣಕಾಲಿನ ಶಸ್ತ್ರಚಿಕಿತ್ಸೆ ಮತ್ತು ಏಳು ದಿನಗಳ ರಜೆ: ಒಂದು ಅರ್ಜಿಯ ಪ್ರಕರಣ ಅಧ್ಯಯನ

ಬೆಂಗಳೂರಿನ ಚಿಕ್ಕಪೇಟೆಯ ಸಮೀಪ ವಿದ್ಯುತ್ ಸಾಮಗ್ರಿಗಳ ಸಗಟು ವ್ಯಾಪಾರ ನಡೆಸುವ ಒಂದು ಪಾಲುದಾರಿಕೆ ಸಂಸ್ಥೆಯಲ್ಲಿ ಸಿಬ್ಬಂದಿಯ ಹಾಜರಿ ಮತ್ತು ರಜೆಗಳ ಲೆಕ್ಕವನ್ನು ನೋಡಿಕೊಳ್ಳುವುದು ನನ್ನ ಕೆಲಸ. 2025ರ ಜನವರಿಯ ಕೊನೆಯಲ್ಲಿ ನಮ್ಮ ಲೆಕ್ಕಪತ್ರ ವಿಭಾಗದ ಸಹೋದ್ಯೋಗಿಯೊಬ್ಬರು ತಾಯಿಯ ಶುಶ್ರೂಷೆಗಾಗಿ ಒಂದು ವಾರದ ರಜೆ ಕೇಳಿದರು. ಆ ಅರ್ಜಿ ಒಮ್ಮೆ ಹಿಂದಿರುಗಿತು, ಮತ್ತೊಮ್ಮೆ ಬರೆಯಲ್ಪಟ್ಟು ಮಂಜೂರಾಯಿತು, ಮಂಜೂರಾದ ಮೇಲೆ ತಾರೀಕುಗಳು ಪೂರ್ತಿ ಒಂದು ವಾರ ಮುಂದಕ್ಕೆ ಸರಿದವು. ಅವರ ಒಪ್ಪಿಗೆ ಪಡೆದು, ಹೆಸರನ್ನು ಬಿಟ್ಟು, ನಡೆದದ್ದನ್ನು ಇಲ್ಲಿ ಬರೆದಿದ್ದೇನೆ.

ಅರ್ಜಿದಾರರ ತಾಯಿಗೆ 66 ವರ್ಷ. ಅರಸೀಕೆರೆ ತಾಲ್ಲೂಕಿನ ಹಳ್ಳಿಯಲ್ಲಿ ವಾಸ. ಬಲ ಮೊಣಕಾಲಿನ ಕೀಲು ಪೂರ್ತಿ ಸವೆದಿದ್ದರಿಂದ ಹಾಸನದ ಒಂದು ಆಸ್ಪತ್ರೆಯಲ್ಲಿ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಗೆ ಫೆಬ್ರವರಿ 5, ಬುಧವಾರದ ದಿನ ನಿಗದಿಯಾಗಿತ್ತು. ತಂದೆ ಇಲ್ಲ. ಅಣ್ಣ ತಿಪಟೂರಿನಲ್ಲಿ ಅಂಗಡಿ ಇಟ್ಟುಕೊಂಡಿದ್ದಾರೆ. ಮಗಳು ಮದುವೆಯಾಗಿ ಬೆಂಗಳೂರಿನಲ್ಲಿದ್ದು, ನಮ್ಮಲ್ಲಿ ಜಿಎಸ್‌ಟಿ, ಟಿಡಿಎಸ್, ಭವಿಷ್ಯ ನಿಧಿಗಳ ಮಾಸಿಕ ಕೆಲಸವನ್ನೆಲ್ಲ ಬಹುಮಟ್ಟಿಗೆ ಒಬ್ಬರೇ ನಿಭಾಯಿಸುತ್ತಾರೆ. ಜನವರಿ 27ರಂದು ಅವರು ಕೊಟ್ಟ ಮೊದಲ ಅರ್ಜಿಯ ಒಡಲು ಇಷ್ಟೇ ಇತ್ತು:

"ಮಾನ್ಯರೇ, ನನ್ನ ತಾಯಿಯವರಿಗೆ ಆರೋಗ್ಯ ಸರಿಯಿಲ್ಲದ ಕಾರಣ ಹಾಗೂ ಅವರಿಗೆ ಆಪರೇಷನ್ ಇರುವುದರಿಂದ ದಿನಾಂಕ 5-2-2025ರಿಂದ ನನಗೆ ಒಂದು ವಾರ ರಜೆ ದಯಪಾಲಿಸಬೇಕಾಗಿ ತಮ್ಮಲ್ಲಿ ವಿನಂತಿಸಿಕೊಳ್ಳುತ್ತೇನೆ."

ಇದರಲ್ಲಿ ಸುಳ್ಳಿಲ್ಲ, ಭಾಷೆಯ ತಪ್ಪೂ ಇಲ್ಲ. ಆದರೂ ವ್ಯವಸ್ಥಾಪಕರು ಅದನ್ನು ಸಹಿ ಮಾಡದೆ ಮೇಜಿನ ಮೇಲಿಟ್ಟುಕೊಂಡು, ಗೋಡೆಯ ಕ್ಯಾಲೆಂಡರ್ ಕಡೆ ನೋಡಿ ಕೇಳಿದ್ದು ಒಂದೇ ಮಾತು: "ಏನಮ್ಮಾ, ಏಳನೇ ತಾರೀಕು, ಹನ್ನೊಂದನೇ ತಾರೀಕು ಎರಡೂ ಇದೇ ವಾರದಲ್ಲಿ ಬರುತ್ತಲ್ಲಾ?" ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವರಿಗೆ ಈ ಪ್ರಶ್ನೆಯನ್ನು ವಿವರಿಸಬೇಕಾಗಿಲ್ಲ. ಹಿಂದಿನ ತಿಂಗಳು ಪಾವತಿಗಳಿಂದ ಕಡಿತ ಮಾಡಿದ ತೆರಿಗೆಯಾದ ಟಿಡಿಎಸ್ ಅನ್ನು 7ರೊಳಗೆ ಕಟ್ಟಬೇಕು. ಮಾಸಿಕ ವಿವರ ಸಲ್ಲಿಸುವ ಸಂಸ್ಥೆಗಳು ಮಾರಾಟದ ವಿವರವಿರುವ ಜಿಎಸ್‌ಟಿಆರ್-1 ಅನ್ನು 11ರೊಳಗೂ, ತೆರಿಗೆ ಪಾವತಿಯ ಜಿಎಸ್‌ಟಿಆರ್-3ಬಿ ಅನ್ನು 20ರೊಳಗೂ ಸಲ್ಲಿಸಬೇಕು. ನಡುವೆ 15ಕ್ಕೆ ಭವಿಷ್ಯ ನಿಧಿ ಮತ್ತು ಇಎಸ್‌ಐ ಇವೆ. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಕಟ್ಟದೆ ಉಳಿದ ತೆರಿಗೆಗೆ ವಾರ್ಷಿಕ ಶೇಕಡಾ 18ರ ಬಡ್ಡಿ. ಮೊತ್ತ ಸಣ್ಣದಾದರೂ, ನಮ್ಮ ಜಿಎಸ್‌ಟಿಆರ್-1 ತಡವಾದರೆ ನಮ್ಮಿಂದ ಕೊಂಡ ಅಂಗಡಿಯವರಿಗೆ ಖರೀದಿಯಲ್ಲಿ ಕೊಟ್ಟ ತೆರಿಗೆಯ ಜಮೆ ಆ ತಿಂಗಳು ಕಾಣಿಸದೆ ಹೋಗಿ, ಅವರ ಫೋನುಗಳು ಆರಂಭವಾಗುತ್ತವೆ. ವ್ಯವಸ್ಥಾಪಕರ ಅಂಜಿಕೆ ಇದ್ದದ್ದು ಅಲ್ಲಿ.

ಅರ್ಜಿದಾರರಿಗೆ ಇದು ಕ್ರೂರವೆನಿಸಿದ್ದು ಸಹಜ. ತಾಯಿಯ ಶಸ್ತ್ರಚಿಕಿತ್ಸೆಯ ಮಾತಿಗೆ ಉತ್ತರವಾಗಿ ತಾರೀಕಿನ ಪ್ರಶ್ನೆ ಬಂದರೆ ಯಾರಿಗಾದರೂ ಹಾಗೇ ಅನ್ನಿಸೀತು. ಆದರೆ ಆ ಅರ್ಜಿಯನ್ನು ಮತ್ತೆ ಓದಿದಾಗ ನನಗೆ ಕಂಡ ದೊಡ್ಡ ದೋಷ ಬೇರೆಯದಾಗಿತ್ತು: ಅವರು ಕೇಳಿದ ವಾರವೇ ತಾಯಿಗೆ ಅವರು ಹೆಚ್ಚು ಬೇಕಾಗಿದ್ದ ವಾರವಲ್ಲ.

ಮೊಣಕಾಲಿನ ಕೀಲು ಬದಲಾವಣೆಯಾದವರು ಸಾಮಾನ್ಯವಾಗಿ ಮೂರು ನಾಲ್ಕು ದಿನ ಆಸ್ಪತ್ರೆಯಲ್ಲಿರುತ್ತಾರೆ. ಅಲ್ಲಿ ದಾದಿಯರಿದ್ದಾರೆ, ನೋವಿನ ಔಷಧ ಹೊತ್ತಿಗೆ ಸರಿಯಾಗಿ ಸಿಗುತ್ತದೆ, ಅದೇ ದಿನ ಅಥವಾ ಮರುದಿನ ಫಿಸಿಯೋಥೆರಪಿಯವರು ಬಂದು ವಾಕರ್ ಹಿಡಿಸಿ ನಾಲ್ಕು ಹೆಜ್ಜೆ ನಡೆಸುತ್ತಾರೆ. ಜೊತೆಗಿರುವವರ ಕೆಲಸ ಬಹುಪಾಲು ಔಷಧಿ ಅಂಗಡಿಗೆ ಓಡುವುದು, ಬಿಲ್ಲು ಕಟ್ಟುವುದು, ಹೊರಗೆ ಬೆಂಚಿನ ಮೇಲೆ ಕಾಯುವುದು. ಕಷ್ಟ ಶುರುವಾಗುವುದು ಮನೆಗೆ ಬಂದ ಮೇಲೆ. ಹಳ್ಳಿಯ ಮನೆಯಲ್ಲಿ ಕೂರುವ ಶೌಚಾಲಯವಿರದಿದ್ದರೆ ಕಮೋಡ್ ಕುರ್ಚಿ ತಂದಿಡಬೇಕು. ಹೊಸ್ತಿಲು ದಾಟುವಾಗ ವಾಕರ್ ಜೊತೆಗೆ ಒಬ್ಬರು ಇರಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧವನ್ನು ಒಂದು ಹೊತ್ತೂ ತಪ್ಪಿಸುವಂತಿಲ್ಲ, ಹೇಳಿಕೊಟ್ಟ ವ್ಯಾಯಾಮವನ್ನು ನೋವಿದ್ದರೂ ದಿನಕ್ಕೆ ಹಲವು ಬಾರಿ ಮಾಡಿಸಬೇಕು, ಗಾಯ ಒದ್ದೆಯಾಗದಂತೆ ಮೈ ಒರೆಸಬೇಕು, ಮೀನಖಂಡದಲ್ಲಿ ಊತ ಅಥವಾ ನೋವು ಏರಿದರೆ, ಗಾಯದಿಂದ ದ್ರವ ಸೋರಿದರೆ, ಜ್ವರ ಬಂದರೆ ಕಾಯದೆ ವೈದ್ಯರಿಗೆ ತಿಳಿಸಬೇಕು. ಇದೆಲ್ಲಕ್ಕಿಂತ ಮುಖ್ಯವಾಗಿ, ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ "ಮಗಳನ್ನು ಯಾಕೆ ಎಬ್ಬಿಸಲಿ" ಎಂದುಕೊಂಡು ಒಬ್ಬರೇ ಎದ್ದು ಹೋಗುವ ತಾಯಂದಿರ ಪಕ್ಕದಲ್ಲಿ ಯಾರಾದರೂ ಮಲಗಿರಬೇಕು. ಆ ವಯಸ್ಸಿನ ಹೆಂಗಸು ಸ್ನಾನಕ್ಕೂ ಶೌಚಕ್ಕೂ ಮಗನ ಸಹಾಯ ಪಡೆಯಲು ಎಷ್ಟು ಸಂಕೋಚಪಡುತ್ತಾರೆಂಬುದೂ ಗೊತ್ತಿರುವ ವಿಷಯವೇ.

ಆದ್ದರಿಂದ ನಾನು ಅವರಿಗೆ ಕೇಳಿದ್ದು, ಆಸ್ಪತ್ರೆಯ ದಿನಗಳಲ್ಲಿ ಅಣ್ಣ ಇರಬಲ್ಲರೇ ಎಂದು. ಅಂಗಡಿಯನ್ನು ನಾಲ್ಕು ದಿನ ಮುಚ್ಚಬಹುದು, ಎಂಟು ದಿನ ಆಗುವುದಿಲ್ಲ ಎಂದು ಅಣ್ಣ ಹೇಳಿದ್ದರಂತೆ. ಹಾಗಾದರೆ ಮಗಳ ರಜೆ ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ, ಅಂದರೆ ಫೆಬ್ರವರಿ 8ರ ಶನಿವಾರ ಆರಂಭವಾಗಬೇಕು. ಇಷ್ಟು ಸರಿಸಿದ್ದರಿಂದಲೇ 7ನೇ ತಾರೀಕಿನ ತೊಡಕು ತಾನಾಗಿ ಕಳಚಿತು. ಉಳಿದದ್ದು 11. ಜನವರಿಯ ಮಾರಾಟದ ಬಿಲ್ಲುಗಳೆಲ್ಲ ಫೆಬ್ರವರಿಯ ಮೊದಲ ದಿನಗಳಲ್ಲೇ ಕೈಯಲ್ಲಿರುವುದರಿಂದ ಜಿಎಸ್‌ಟಿಆರ್-1 ಅನ್ನು ಕೊನೆಯ ದಿನದವರೆಗೆ ಇಟ್ಟುಕೊಳ್ಳುವ ಅಗತ್ಯವೇನೂ ಇಲ್ಲ. ಇಟ್ಟುಕೊಳ್ಳುವುದು ನಮ್ಮ ಅಭ್ಯಾಸ, ಅಷ್ಟೇ.

ಮುಂದಿನ ಪ್ರಶ್ನೆ, ಯಾವ ರಜೆ ಎಂಬುದು. ಕರ್ನಾಟಕದ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ನಮ್ಮಂಥ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ತಂದೆತಾಯಿಯ ಶುಶ್ರೂಷೆಗೆಂದೇ ಅದರಲ್ಲಿ ಪ್ರತ್ಯೇಕ ರಜೆಯಿಲ್ಲ. ಆದರೆ 15ನೇ ಪ್ರಕರಣದಲ್ಲಿ ಎರಡು ಬಗೆಯ ವೇತನಸಹಿತ ರಜೆಗಳಿವೆ. ಒಂದು, ದುಡಿದ ಪ್ರತಿ 20 ದಿನಕ್ಕೆ ಒಂದು ದಿನದಂತೆ ಗಳಿಸುವ ರಜೆ. ಇನ್ನೊಂದು, ವರ್ಷಕ್ಕೆ 12 ದಿನ ಮೀರದಂತೆ ಕಾಯಿಲೆ, ಅಪಘಾತ ಅಥವಾ ಬೇರೆ ಯಾವುದೇ ಸಮಂಜಸ ಕಾರಣಕ್ಕೆ ಕೊಡುವ ರಜೆ. ಈ "ಸಮಂಜಸ ಕಾರಣ" ಎಂಬ ಮಾತನ್ನು ಬಹಳ ಜನ ಓದಿಲ್ಲ. ಓದದಿರುವುದರಿಂದಲೇ ತಾಯಿಗೆ ಹುಷಾರಿಲ್ಲದಾಗ "ನನಗೆ ಜ್ವರ" ಎಂದು ಬರೆದು, ಬಡಾವಣೆಯ ಪರಿಚಿತ ವೈದ್ಯರಿಂದ ಚೀಟಿ ತಂದು ಲಗತ್ತಿಸುತ್ತಾರೆ. ನಿಜವಾದ ಕಾರಣವೇ ಸಾಕಾಗುವ ಕಡೆ ಸುಳ್ಳು ಬರೆದು, ಮುಂದೆ ತಾಯಿಯ ಹೊಲಿಗೆ ತೆಗೆಸುವ ದಿನ ನಿಜ ಹೇಳಲಾಗದೆ ಒದ್ದಾಡುವವರನ್ನು ನಾನು ಕಂಡಿದ್ದೇನೆ.

ನಮ್ಮ ಅರ್ಜಿದಾರರಿಗೆ ಹಿಂದಿನ ವರ್ಷ ದುಡಿದ 280 ದಿನಗಳಿಗೆ 14 ದಿನಗಳ ಗಳಿಕೆ ರಜೆ ಬಾಕಿಯಿತ್ತು. ನಮ್ಮಲ್ಲಿ ಸಾಂದರ್ಭಿಕ ರಜೆ ಎಂದೇ ಕರೆಯುವ 12 ದಿನಗಳೂ ಹೊಸ ವರ್ಷಕ್ಕೆ ಪೂರ್ತಿ ಉಳಿದಿದ್ದವು. ಅವರು ಮೊದಲು ಸಾಂದರ್ಭಿಕ ರಜೆಯನ್ನೇ ಬಳಸುವ ಯೋಚನೆಯಲ್ಲಿದ್ದರು, ಏಕೆಂದರೆ ಗಳಿಕೆ ರಜೆ ಮುಂದಿನ ವರ್ಷಕ್ಕೆ ಉಳಿಯುತ್ತದೆ, ಇದು ಉಳಿಯುವುದಿಲ್ಲ. ನನ್ನ ಅಭಿಪ್ರಾಯ ಬೇರೆಯಿತ್ತು. ಶಸ್ತ್ರಚಿಕಿತ್ಸೆಯಾದ ಸುಮಾರು ಎರಡು ವಾರಕ್ಕೆ ಹೊಲಿಗೆ ತೆಗೆಸಲು, ಸುಮಾರು ಆರು ವಾರಕ್ಕೆ ಮರುಪರೀಕ್ಷೆಗೆ, ನಡುವೆ ಗಾಯ ಕೆಂಪಾಯಿತೆಂದರೆ ಹಿಂದಿನ ರಾತ್ರಿ ತಿಳಿಸಿ ಹೊರಡಲು, ಹೀಗೆ ಬಿಡಿಬಿಡಿ ದಿನಗಳು ಬೇಕಾಗುತ್ತವೆ. ಅಂಥ ಬಿಡಿ ದಿನಗಳಿಗೆ ಒಗ್ಗುವುದು ಸಾಂದರ್ಭಿಕ ರಜೆ. ನಮ್ಮಲ್ಲಿ ವಾರ ಮುಂಚಿತವಾಗಿ ಕೇಳಬೇಕಾದ ಗಳಿಕೆ ರಜೆ ಒಂದು ದಿನದ ಆಕಸ್ಮಿಕಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಮೊದಲೇ ಗೊತ್ತಿರುವ ವಾರಕ್ಕೆ ಗಳಿಕೆ ರಜೆಯನ್ನು ಹಾಕಿ, ಗೊತ್ತಿಲ್ಲದ ದಿನಗಳಿಗೆ 12ನ್ನು ಕಾಯ್ದಿಡುವುದೇ ಲೇಸು ಎಂದು ಅವರಿಗೂ ಒಪ್ಪಿಗೆಯಾಯಿತು.

"ಒಂದು ವಾರ" ಎಂದರೆ ಎಷ್ಟು ದಿನ ಎಂಬುದನ್ನೂ ಇತ್ಯರ್ಥ ಮಾಡಬೇಕಾಯಿತು. ನಮ್ಮಲ್ಲಿ ಶನಿವಾರ ಕೆಲಸದ ದಿನ, ನಡುವೆ ಬರುವ ಭಾನುವಾರವನ್ನು ರಜೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಲ್ಲ ಕಡೆ ಹೀಗೇ ಎಂದು ತಿಳಿಯಬಾರದು, ಕೇಳಿಕೊಳ್ಳಬೇಕು. 8ರಿಂದ 15ರವರೆಗೆ ಕ್ಯಾಲೆಂಡರಿನಲ್ಲಿ ಎಂಟು ದಿನ, ರಜೆಯ ಲೆಕ್ಕದಲ್ಲಿ ಏಳು, ಮರುದಿನದ ಭಾನುವಾರವೂ ಸೇರಿ ತಾಯಿಯ ಬಳಿ ಇರಲು ಒಂಬತ್ತು. ಇಷ್ಟು ವ್ಯತ್ಯಾಸ ಬರುವ ಕಡೆ ವಾರ ಎಂದಷ್ಟೇ ಬರೆದು, ಕೆಲಸಕ್ಕೆ ಮರಳುವ ದಿನವನ್ನು ಬರೆಯದಿದ್ದರೆ ಹಾಜರಿ ಪುಸ್ತಕದಲ್ಲಿ ಜಗಳ ಖಚಿತ.

ಜನವರಿ 29ರಂದು ಕೊಟ್ಟ ಎರಡನೇ ಅರ್ಜಿ ಹೀಗಿತ್ತು:

"ವಿಷಯ: ತಾಯಿಯ ಶಸ್ತ್ರಚಿಕಿತ್ಸೆಯ ನಂತರದ ಶುಶ್ರೂಷೆಗಾಗಿ 7 ದಿನಗಳ ಗಳಿಕೆ ರಜೆ ಕೋರಿ.

ಮಾನ್ಯರೇ,

ನನ್ನ ತಾಯಿಯವರಿಗೆ ದಿನಾಂಕ 5-2-2025ರಂದು ಹಾಸನದಲ್ಲಿ ಬಲ ಮೊಣಕಾಲಿನ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ಆಸ್ಪತ್ರೆಯಲ್ಲಿರುವ ದಿನಗಳಲ್ಲಿ ನನ್ನ ಅಣ್ಣ ಜೊತೆಗಿರುತ್ತಾರೆ. ದಿನಾಂಕ 8ರಂದು ಮನೆಗೆ ಕಳುಹಿಸುವ ಸಂಭವವಿದ್ದು, ಆ ನಂತರ ಹಗಲು ರಾತ್ರಿ ಜೊತೆಗಿದ್ದು ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇಲ್ಲ. ಆದ್ದರಿಂದ ದಿನಾಂಕ 8-2-2025ರ ಶನಿವಾರದಿಂದ 15-2-2025ರ ಶನಿವಾರದವರೆಗೆ, ನಡುವಿನ ಭಾನುವಾರ ಹೊರತಾಗಿ, 7 ದಿನಗಳ ಗಳಿಕೆ ರಜೆಯನ್ನು ಮಂಜೂರು ಮಾಡಬೇಕೆಂದು ಕೋರುತ್ತೇನೆ. ದಿನಾಂಕ 17ರ ಸೋಮವಾರ ಕೆಲಸಕ್ಕೆ ಹಾಜರಾಗುತ್ತೇನೆ.

ಜನವರಿ ತಿಂಗಳ ಟಿಡಿಎಸ್ ಪಾವತಿಯನ್ನು 6ರಂದು, ಜಿಎಸ್‌ಟಿಆರ್-1, ಭವಿಷ್ಯ ನಿಧಿ ಮತ್ತು ಇಎಸ್‌ಐ ಕೆಲಸಗಳನ್ನು 7ರ ಸಂಜೆಯೊಳಗೆ ಮುಗಿಸಿ ಹೋಗುತ್ತೇನೆ. ಜಿಎಸ್‌ಟಿಆರ್-3ಬಿ ಅನ್ನು ಮರಳಿದ ಮೇಲೆ 20ರೊಳಗೆ ಸಲ್ಲಿಸುತ್ತೇನೆ. ರಜೆಯ ದಿನಗಳಲ್ಲಿ ಬೆಳಿಗ್ಗೆ 11ರಿಂದ 12ರವರೆಗೆ ದೂರವಾಣಿಯಲ್ಲಿ ಸಿಗುತ್ತೇನೆ.

ವೈದ್ಯಕೀಯ ಕಾರಣದಿಂದ ಶಸ್ತ್ರಚಿಕಿತ್ಸೆಯ ದಿನ ಬದಲಾದಲ್ಲಿ ಅದೇ ದಿನ ತಿಳಿಸುತ್ತೇನೆ. ರಜೆಯನ್ನೂ ಅಷ್ಟೇ ದಿನ ಮುಂದೂಡಲು ಅನುಮತಿ ನೀಡಬೇಕೆಂದು ವಿನಂತಿ. ದಾಖಲಾತಿಗೆ ಆಸ್ಪತ್ರೆ ನೀಡಿದ ಸೂಚನಾ ಪತ್ರದ ಪ್ರತಿಯನ್ನು ಲಗತ್ತಿಸಿದ್ದೇನೆ."

ಲಗತ್ತಿನ ಬಗ್ಗೆ ಒಂದು ಮಾತು. ಅವರು ಎಕ್ಸ್‌ರೇ ವರದಿ, ರಕ್ತಪರೀಕ್ಷೆ, ಸಕ್ಕರೆ ಪ್ರಮಾಣ ಎಲ್ಲವನ್ನೂ ಪಿನ್ನು ಹಾಕಿ ತಂದಿದ್ದರು. ನಾನು ಒಂದೇ ಹಾಳೆ ಉಳಿಸಿಕೊಂಡು ಮಿಕ್ಕದ್ದನ್ನು ಹಿಂದಿರುಗಿಸಿದೆ. ರೋಗಿಯ ಹೆಸರು, ಚಿಕಿತ್ಸೆಯ ಹೆಸರು, ದಿನಾಂಕ ಇಷ್ಟಿದ್ದರೆ ರಜೆ ಕೊಡುವವರಿಗೆ ಸಾಕು. ಕಚೇರಿಯ ಕಡತದಲ್ಲಿ ಒಬ್ಬ ತಾಯಿಯ ರಕ್ತದ ಲೆಕ್ಕ ಇರಬೇಕಾಗಿಲ್ಲ. ಒಂದು ಗಂಟೆಯ ದೂರವಾಣಿ ಸಮಯವನ್ನೂ ಉದ್ದೇಶಪೂರ್ವಕವಾಗಿಯೇ ಬರೆಸಿದ್ದು. "ಯಾವಾಗ ಬೇಕಾದರೂ ಕರೆ ಮಾಡಿ" ಎಂದು ಸೌಜನ್ಯಕ್ಕೆ ಬರೆದವರು ತಾಯಿಯನ್ನು ಕಮೋಡ್ ಕುರ್ಚಿಯ ಮೇಲೆ ಕೂರಿಸಿಕೊಂಡು ಬಿಲ್ ನಂಬರು ಹುಡುಕಬೇಕಾಗುತ್ತದೆ.

ಈ ಅರ್ಜಿಗೆ ವ್ಯವಸ್ಥಾಪಕರು ಅಂದೇ ಸಹಿ ಹಾಕಿದರು. ಯಾವ ಪ್ರಶ್ನೆಯನ್ನೂ ಕೇಳಲಿಲ್ಲ, ಕ್ಯಾಲೆಂಡರನ್ನೂ ನೋಡಲಿಲ್ಲ.

ಫೆಬ್ರವರಿ 3, ಸೋಮವಾರ, ಶಸ್ತ್ರಚಿಕಿತ್ಸೆಗೆ ಮುನ್ನ ಮಾಡುವ ತಪಾಸಣೆಯಲ್ಲಿ ತಾಯಿಗೆ ಮೂತ್ರದ ಸೋಂಕು ಇರುವುದು ಕಂಡುಬಂತು. ಕೃತಕ ಕೀಲು ಕೂರಿಸುವ ಮೊದಲು ದೇಹದಲ್ಲಿ ಸೋಂಕು ಇದ್ದರೆ ಅದು ಹೊಸ ಕೀಲಿಗೆ ತಗಲುವ ಅಪಾಯವಿರುವುದರಿಂದ, ಔಷಧ ಕೊಟ್ಟು ವಾಸಿಯಾದ ಮೇಲೆ ಮಾಡೋಣವೆಂದು ವೈದ್ಯರು 12ನೇ ತಾರೀಕು ಕೊಟ್ಟರು. ಸಕ್ಕರೆ ಹತೋಟಿಯಲ್ಲಿಲ್ಲದಿರುವುದು, ರಕ್ತದೊತ್ತಡ, ಹಲ್ಲಿನ ಸೋಂಕು, ಕಾಲಿನ ಮೇಲಿನ ಹುಣ್ಣು, ಹೀಗೆ ಯಾವುದರಿಂದಲಾದರೂ ಕೊನೆಯ ಗಳಿಗೆಯಲ್ಲಿ ದಿನ ಮುಂದೆ ಹೋಗಬಹುದು. ತುರ್ತಿಲ್ಲದೆ, ಮೊದಲೇ ದಿನ ಗೊತ್ತುಮಾಡಿ ನಡೆಸುವ ಶಸ್ತ್ರಚಿಕಿತ್ಸೆಗೆ ರಜೆ ಕೇಳುವವರು ಇದನ್ನು ಅಪರೂಪವೆಂದು ತಿಳಿಯದೆ, ಅರ್ಜಿಯಲ್ಲೇ ಒಂದು ಸಾಲು ಬರೆದಿಡಬೇಕೆನ್ನುವುದು ಅದಕ್ಕೇ. ಆ ಸಾಲು ಇದ್ದದ್ದರಿಂದ ಹೊಸ ಅರ್ಜಿ ಬೇಕಾಗಲಿಲ್ಲ. ಹಿಂದಿನ ಮಂಜೂರಾತಿಯನ್ನು ಉಲ್ಲೇಖಿಸಿ "ರಜೆಯನ್ನು 15-2-2025ರಿಂದ 22-2-2025ರವರೆಗಿನ ಅವಧಿಗೆ ಮುಂದೂಡಿದೆ, 24ರ ಸೋಮವಾರ ಹಾಜರಾಗುತ್ತೇನೆ" ಎಂಬ ಎರಡು ಸಾಲಿನ ಮಿಂಚಂಚೆ ಸಾಕಾಯಿತು. ಅಣ್ಣನೂ ತಮ್ಮ ನಾಲ್ಕು ದಿನಗಳನ್ನು ಹಾಗೆಯೇ ಸರಿಸಿಕೊಂಡರು.

ಆದರೆ ಈಗ 11ರ ಬದಲು 20 ರಜೆಯೊಳಗೆ ಬಂದು ಕೂತಿತು, ಮತ್ತು ಇದು ಮೊದಲಿನಷ್ಟು ಸುಲಭದ ತೊಡಕಲ್ಲ. ಜಿಎಸ್‌ಟಿಆರ್-1 ಅನ್ನು ಬೇಗ ಮುಗಿಸಬಹುದು, ಏಕೆಂದರೆ ಅದು ನಮ್ಮದೇ ಬಿಲ್ಲುಗಳ ಲೆಕ್ಕ. 3ಬಿ ಹಾಗಲ್ಲ. ನಮಗೆ ಸರಕು ಮಾರಿದವರು ತಂತಮ್ಮ ವಿವರ ಸಲ್ಲಿಸಿದ ಮೇಲೆ 14ನೇ ತಾರೀಕು ತಯಾರಾಗುವ 2ಬಿ ಪಟ್ಟಿಯನ್ನು ನಮ್ಮ ಖರೀದಿ ಪುಸ್ತಕದೊಂದಿಗೆ ತಾಳೆ ನೋಡಿಯೇ ಎಷ್ಟು ತೆರಿಗೆ ಜಮೆ ಪಡೆಯಬಹುದೆಂದು ತಿಳಿಯುವುದು. 14 ಶುಕ್ರವಾರ, ಅವರ ಕೆಲಸದ ಕೊನೆಯ ದಿನ. ಅಂದು ಅವರು ಪಟ್ಟಿಯನ್ನು ಇಳಿಸಿಕೊಂಡು ರಾತ್ರಿ ಎಂಟರವರೆಗೆ ಕೂತು ತಾಳೆ ಮುಗಿಸಿದರು. ಸಹಾಯಕನಿಗೆ ಒಂದು ಎ4 ಹಾಳೆಯಲ್ಲಿ ಬರೆದು ಕಂಪ್ಯೂಟರಿನ ಪರದೆಯ ಅಂಚಿಗೆ ಅಂಟಿಸಿ ಹೋದರು. ಕಟ್ಟಬೇಕಾದ ಮೊತ್ತ, ಯಾವ ಎರಡು ಪೂರೈಕೆದಾರರ ಬಿಲ್ಲುಗಳು ಪಟ್ಟಿಯಲ್ಲಿ ಕಾಣಿಸಿಲ್ಲವಾದ್ದರಿಂದ ಈ ತಿಂಗಳು ಅವುಗಳ ಜಮೆ ತೆಗೆದುಕೊಳ್ಳಬಾರದು, 18ರಂದು ಯಾವ ಪಾಲುದಾರರಿಂದ ಒಟಿಪಿ ಕೇಳಬೇಕು, ಎಲ್ಲವೂ ಅದರಲ್ಲಿತ್ತು. ಅರ್ಜಿಯಲ್ಲಿ "ನಾನು ಮರಳಿದ ಮೇಲೆ" ಎಂದಿದ್ದ ಮಾತನ್ನು "ಸಹಾಯಕರು 18ರಂದು ಸಲ್ಲಿಸುತ್ತಾರೆ" ಎಂದು ಮಿಂಚಂಚೆಯಲ್ಲೇ ತಿದ್ದಿದ್ದರು. ಇದನ್ನು ಮರೆಯುವವರೇ ಹೆಚ್ಚು: ದಿನ ಸರಿದರೆ ಕೆಲಸದ ಭರವಸೆಯೂ ಹಳತಾಗುತ್ತದೆ.

18ರಂದು ಸಣ್ಣದೊಂದು ಎಡವಟ್ಟಾಯಿತು. ಒಟಿಪಿ ಹೋಗುವ ಮೊಬೈಲು ಹಿರಿಯ ಪಾಲುದಾರರದು. ಅವರು ಮದುವೆಮನೆಯ ಗದ್ದಲದಲ್ಲಿದ್ದು, ಸಂದೇಶ ನೋಡಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಸಹಾಯಕ ಗಾಬರಿಯಾಗಿ ಮರುದಿನ ಬೆಳಿಗ್ಗೆ 11 ಗಂಟೆಗೆ ಹಳ್ಳಿಗೆ ಕರೆ ಮಾಡಿದ. ಇನ್ನೊಂದು ಒಟಿಪಿ ತರಿಸಿಕೊಳ್ಳಬಹುದು, ಪಾಲುದಾರರು ಅಂಗಡಿಗೆ ಬಂದ ಮೇಲೆ ಎದುರಿಗೆ ಕೂತು ಕೇಳು ಎಂದು ಇವರು ಹೇಳಿದ ಮಾತಿಗೆ ಮೂರು ನಿಮಿಷ ಹಿಡಿಯಿತು. 19ರ ಮಧ್ಯಾಹ್ನ ಸಲ್ಲಿಕೆ ಮುಗಿಯಿತು. ಏಳು ದಿನಗಳಲ್ಲಿ ಕಚೇರಿಯಿಂದ ಅವರಿಗೆ ಹೋದ ಕರೆ ಅದೊಂದೇ.

24ರ ಸೋಮವಾರ ಅವರು ಹಾಜರಾದಾಗ ಆಸ್ಪತ್ರೆಯ ಬಿಡುಗಡೆ ಪತ್ರದ ಮೊದಲ ಪುಟದ ಪ್ರತಿಯನ್ನು ಕೊಟ್ಟರು. ನಾನು ಹಾಜರಿ ಪುಸ್ತಕದಲ್ಲಿ 15, 17, 18, 19, 20, 21, 22 ಈ ಏಳು ದಿನಗಳಿಗೆ ಗಳಿಕೆ ರಜೆಯೆಂದು ಬರೆದು, ಬಾಕಿ 7 ಎಂದು ನಮೂದಿಸಿದೆ. ಹೊಲಿಗೆ ತೆಗೆಸಬೇಕಾದ ಹದಿನಾಲ್ಕನೇ ದಿನ 26ರಂದು ಬರುತ್ತಿತ್ತು. ಅಂದು ಶಿವರಾತ್ರಿ, ಹೊರರೋಗಿ ವಿಭಾಗ ಇರುವುದಿಲ್ಲವೆಂದು ಆಸ್ಪತ್ರೆಯವರು 27ಕ್ಕೆ ಬರಹೇಳಿದ್ದರು. ಹಬ್ಬದ ದಿನ ನಮಗೂ ರಜೆಯಿದ್ದುದರಿಂದ ಅವರು ಊರಿಗೆ ಹೋಗಿ, ಮರುದಿನ ಹಾಸನಕ್ಕೆ ಕರೆದುಕೊಂಡು ಹೋಗುವುದೆಂದಾಯಿತು. 25ರ ಸಂಜೆ ಮನೆಗೆ ಹೊರಡುವ ಮುನ್ನ ನನ್ನ ಮೇಜಿನ ಮೇಲೆ ಇಟ್ಟುಹೋದ ಚೀಟಿಯಲ್ಲಿ ಇದ್ದದ್ದು ಇಷ್ಟು: "ತಾಯಿಯವರ ಹೊಲಿಗೆ ತೆಗೆಸಲು ದಿನಾಂಕ 27-2-2025ರ ಗುರುವಾರ ಒಂದು ದಿನದ ಸಾಂದರ್ಭಿಕ ರಜೆ ಕೋರುತ್ತೇನೆ. 28ರಂದು ಹಾಜರಾಗುತ್ತೇನೆ."